ಅಪ್‌ಡೇಟ್: ‘ತೀರ್ಥೋದ್ಭವ’ ವೀಡಿಯೊ ಈಗ ಹುಡುಕಿದವರಿಗೆ ಸಿಗುತ್ತಿದೆ

ನಾನು ಕೇಳಿದ್ದು: “ತಲಕಾವೇರಿಯ ತೀರ್ಥೋದ್ಭವದ ವೀಡಿಯೊ ಯೂಟ್ಯೂಬ್‌ಗೆ ಹಾಕಿದ್ದೇನೆ. ಹೆಸರನ್ನು ಜನ ಹಲವು ಬಗೆಯಲ್ಲಿ ಬರೆದು ಹುಡುಕುತ್ತಾರೆ. ತಪ್ಪು ಕಾಗುಣಿತಗಳನ್ನು ಎಲ್ಲಿ, ಹೇಗೆ ಸೇರಿಸಲಿ?”

ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ತಪ್ಪು ರೂಪಗಳನ್ನೆಲ್ಲ ವಿವರಣೆಯ ಕೊನೆಯಲ್ಲಿ ಸಾಲಾಗಿ ತುಂಬುವ ಸಲಹೆಯನ್ನು ಮೊದಲು ಪಾಲಿಸಿದೆ. ಅದರಿಂದ ಪ್ರಯೋಜನವಾಗಲಿಲ್ಲ, ಮೇಲಾಗಿ ವಿವರಣೆಯಲ್ಲಿ ಹಾಗೆ ಟ್ಯಾಗ್‌ಗಳನ್ನು ರಾಶಿ ಹಾಕುವುದು ಯೂಟ್ಯೂಬ್‌ನ ನಿಯಮಕ್ಕೇ ವಿರುದ್ಧವೆಂದು ತಿಳಿದು ಅಳಿಸಿದೆ.

ಫಲ ಕೊಟ್ಟದ್ದು, ಊಹಿಸಿ ಬರೆಯುವ ಬದಲು ಯೂಟ್ಯೂಬ್ ಸ್ಟುಡಿಯೊದ ಅಂಕಿಅಂಶಗಳಲ್ಲಿ ವೀಕ್ಷಕರು ನಿಜವಾಗಿ ಟೈಪ್ ಮಾಡಿದ ಹುಡುಕಾಟದ ಪದಗಳನ್ನು ನೋಡಿ ಪದಕೋಶ ಕಟ್ಟಬೇಕೆಂಬ ಸಲಹೆ. ಸರಿಯಾದ ರೂಪ ಒಂದು ಕಾಲಂ, ಕಂಡ ರೂಪ ಇನ್ನೊಂದು, ತಪ್ಪಿನ ಕಾರಣ ಮೂರನೆಯದು. ಒಂದೇ ಪದಕ್ಕೆ ಸಿಕ್ಕಿದ್ದು ಇಷ್ಟು:

```
ತೀರ್ಥೋದ್ಭವ | ತೀರ್ಥೋದ್ಬವ | ಮಹಾಪ್ರಾಣ ಲೋಪ
ತೀರ್ಥೋದ್ಭವ | ತಿರ್ಥೋದ್ಭವ | ದೀರ್ಘ ಲೋಪ
ತೀರ್ಥೋದ್ಭವ | theerthodbava | ರೋಮನ್ ಲಿಪಿ
```

ಕಾರಣದ ಕಾಲಂ ಇದ್ದುದರಿಂದ ‘ಸಂಕ್ರಮಣ’, ‘ಅಭಿಷೇಕ’ಗಳಿಗೂ ಅದೇ ಬಗೆಯ ತಪ್ಪುಗಳನ್ನು ಹುಡುಕುವುದು ಸುಲಭವಾಯಿತು. ಶೀರ್ಷಿಕೆಯಲ್ಲಿ ಶುದ್ಧ ರೂಪವನ್ನೇ ಉಳಿಸಿ, ತಪ್ಪು ರೂಪಗಳನ್ನು ಟ್ಯಾಗ್ ಪೆಟ್ಟಿಗೆಗೆ ಮಾತ್ರ ಹಾಕಿದೆ. ಅಲ್ಲಿ ಒಟ್ಟು 500 ಅಕ್ಷರಗಳ ಮಿತಿಯಿರುವುದರಿಂದ ಹುಡುಕಾಟದಲ್ಲಿ ನಿಜಕ್ಕೂ ಕಂಡವನ್ನಷ್ಟೇ ಆರಿಸಿದೆ.

ನಾನು ನಿರೀಕ್ಷಿಸದೇ ಇದ್ದದ್ದು ‘ಚಂಗ್ರಾಂದಿ’. ನಮ್ಮ ಕೊಡವ ಮನೆಗಳಲ್ಲಿ ತುಲಾ ಸಂಕ್ರಮಣಕ್ಕೆ ಇದೇ ಹೆಸರು. ಇದು ತಪ್ಪಲ್ಲ, ಪರ್ಯಾಯ ಪದ. ಆದ್ದರಿಂದ ಟ್ಯಾಗಿನಲ್ಲಿ ಬಚ್ಚಿಡದೆ, ‘ಕಾವೇರಿ ಚಂಗ್ರಾಂದಿಯ ದಿನದ ತೀರ್ಥೋದ್ಭವ’ ಎಂದು ವಿವರಣೆಯ ಮೊದಲ ವಾಕ್ಯದಲ್ಲೇ ಬರೆದೆ. ಹುಡುಕಾಟದಿಂದ ಬರುವವರಲ್ಲಿ ಹೆಚ್ಚಳ ಕಂಡದ್ದು ಈ ಬದಲಾವಣೆಯ ನಂತರವೇ.