ನಾಲ್ಕು ಸಲ ಕೊಂಡೆ, ನಾಲ್ಕೂ ಸಲ ನಷ್ಟ: ಕ್ರಾಸ್‌ಓವರ್ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ (ಚಿಂತಾಮಣಿಯಿಂದ): ಸಾರ್, 10 ದಿನದ ಮೂವಿಂಗ್ ಆವರೇಜ್ 20 ದಿನದ್ದನ್ನು ಮೇಲಕ್ಕೆ ದಾಟಿದರೆ ಕೊಳ್ಳುತ್ತೇನೆ, ಕೆಳಕ್ಕೆ ದಾಟಿದರೆ ಮಾರುತ್ತೇನೆ. ಒಂದು ಶೇರಿನಲ್ಲಿ ಐದು ತಿಂಗಳಲ್ಲಿ ನಾಲ್ಕು ಸಲ ಕೊಂಡೆ, ನಾಲ್ಕೂ ಸಲ ನಷ್ಟ. ಶೇರು ನೋಡಿದರೆ ಮೊದಲಿದ್ದ ಬೆಲೆಯಲ್ಲೇ ಇದೆ. ಯಾವ ಫಿಲ್ಟರ್ ಹಾಕಲಿ?

ಉತ್ತರ (ತುಮಕೂರು, ರಿಸರ್ಚ್ ಅನಲಿಸ್ಟ್): ಶೇರಿನ ಹೆಸರು ಇಲ್ಲಿ ಬೇಡ. ಲೆಕ್ಕ ಮಾತ್ರ ನೋಡೋಣ. ಫಿಲ್ಟರ್ ಆಮೇಲೆ, ದುಡ್ಡು ಎಲ್ಲಿ ಸೋರುತ್ತಿದೆ ಅನ್ನೋದು ಮೊದಲು ಕಾಣಬೇಕು.

ಕಾಗದದ ಮೇಲೆ ಒಂದು ಶೇರು ಮಾಡಿಕೊಳ್ಳಿ. 480ರಿಂದ ದಿನಕ್ಕೆ 3 ರೂಪಾಯಿಯಂತೆ 12 ದಿನ ಏರಿ 516 ಮುಟ್ಟುತ್ತದೆ. ಮತ್ತೆ 12 ದಿನ ಅದೇ ವೇಗದಲ್ಲಿ ಇಳಿದು 480ಕ್ಕೆ ಬರುತ್ತದೆ. ಇದೇ ಸುತ್ತು ಮತ್ತೆ ಮತ್ತೆ. ನಿಮ್ಮ ರೂಲ್ ಯಾವಾಗ ಎಚ್ಚರವಾಗುತ್ತದೆ? 10 ದಿನದ ಗೆರೆ 20 ದಿನದ್ದನ್ನು ದಾಟಬೇಕಾದರೆ, ಕಳೆದ ಹತ್ತು ದಿನದ ಸರಾಸರಿ ಅದರ ಹಿಂದಿನ ಹತ್ತು ದಿನದ್ದಕ್ಕಿಂತ ಜಾಸ್ತಿ ಆಗಬೇಕು. ತಳ ಬಿಟ್ಟು ಹತ್ತನೇ ದಿನ ಅದು ಆಗುತ್ತದೆ. ಆವತ್ತು ಬೆಲೆ 510. ನೀವು ಕೊಳ್ಳೋದು ಮರುದಿನ, 513ಕ್ಕೆ. ಆಮೇಲೆ ಉಳಿದಿರೋದು ಒಂದೇ ದಿನದ ಏರಿಕೆ. ಇಳಿಯುವಾಗಲೂ ಇದೇ ಕಥೆ. ತುದಿ ದಾಟಿ ಹತ್ತನೇ ದಿನ 486ರಲ್ಲಿ ಸಿಗ್ನಲ್ ಬರುತ್ತದೆ, ನೀವು 483ಕ್ಕೆ ಮಾರುತ್ತೀರಿ. ಒಂದು ಸುತ್ತಿಗೆ 30 ರೂಪಾಯಿ ಹೋಯಿತು, ಹತ್ತಿರ ಹತ್ತಿರ ಶೇಕಡಾ 6. ಡೆಲಿವರಿಗೆ ಎಸ್‌ಟಿಟಿ ಕೊಳ್ಳುವಾಗ ಶೇಕಡಾ 0.1, ಮಾರುವಾಗ ಇನ್ನೊಂದು 0.1, ಅದು ಬೇರೆ. ಒಂದು ಸುತ್ತು 24 ದಿನ ಅಂದರೆ ಐದು ತಿಂಗಳ ವಹಿವಾಟಿನ ದಿನಗಳಲ್ಲಿ ನಾಲ್ಕು ಸುತ್ತು. ನಿಮ್ಮ ನಾಲ್ಕು ನಷ್ಟಕ್ಕೆ ಸರಿಹೋಯಿತಲ್ವಾ?

ರೂಲ್ ಎಚ್ಚರವಾಗಲು ಹತ್ತು ದಿನ ಬೇಕು, ಅಲೆ ಇರೋದೇ ಹನ್ನೆರಡು ದಿನ. ತೊಂದರೆ ಇಷ್ಟೇ.

ಕೋಲಾರದ ಮೇಷ್ಟ್ರು: ಇದಕ್ಕೆ ಇಷ್ಟೆಲ್ಲ ಯಾಕೆ? ಕ್ರಾಸ್ ಆದ ಮೇಲೆ ಮೂರು ದಿನ ಕಾಯಿರಿ, ಆಗಲೂ ಗೆರೆ ಮೇಲೇ ಇದ್ದರೆ ಕೊಳ್ಳಿ. ಜೊತೆಗೆ ಎಡಿಎಕ್ಸ್ 25ರ ಮೇಲಿರಬೇಕು. ನಾನು ಮಾಡೋದು ಇದನ್ನೇ, ಸುಳ್ಳು ಸಿಗ್ನಲ್ ಅರ್ಧಕ್ಕರ್ಧ ಕಮ್ಮಿಯಾಗಿದೆ.

ಉತ್ತರ: ಮೇಷ್ಟ್ರೇ, ನಿಮಗೆ ಕಮ್ಮಿಯಾಗಿದ್ದು ನಿಜವೇ ಇರಬೇಕು. ಸುಳ್ಳು ಸಿಗ್ನಲ್‌ನಲ್ಲಿ ಎರಡು ಜಾತಿ. ಒಂದರಲ್ಲಿ ಎರಡು ಗೆರೆಗಳೂ ಜಡೆಯಂತೆ ಹೆಣೆದುಕೊಂಡು ಇವತ್ತು ಮೇಲೆ, ನಾಳೆ ಕೆಳಗೆ ಆಡುತ್ತವೆ. ಅದಕ್ಕೆ ಮೂರು ದಿನದ ಕಾಯುವಿಕೆ ಒಳ್ಳೇ ಮದ್ದು. ಇವರದು ಅದಲ್ಲ, ಇವರದು ದೊಡ್ಡ ತೂಗಾಟ. ನಮ್ಮ ಕಾಗದದ ಶೇರಿನಲ್ಲಿ ಮೂರು ದಿನ ಕಾದರೆ 13ನೇ ದಿನ ಬರುತ್ತದೆ. ಗೆರೆ ಇನ್ನೂ ಮೇಲೇ ಇದೆ, ಬೆಲೆ ಆಗಲೇ ತುದಿಯಿಂದ ಇಳಿಯಲು ಶುರುವಾಗಿದೆ. ಕಾದಿದ್ದೂ ಆಯಿತು, ಸಿಕ್ಕಿಬಿದ್ದಿದ್ದೂ ಆಯಿತು.

ಎಡಿಎಕ್ಸ್ ವಿಷಯ ಹೇಳಬೇಕೆಂದರೆ, ವೈಲ್ಡರ್ 1978ರಲ್ಲಿ ಕೊಟ್ಟ ಅಳತೆ ಅದು. ಚಲನೆ ಎಷ್ಟು ಒಂದೇ ಕಡೆಗಿದೆ ಅಂತ ಹೇಳುತ್ತದೆ, ಎಲ್ಲಿಯವರೆಗೆ ಹೋಗುತ್ತದೆ ಅಂತ ಹೇಳೋದಿಲ್ಲ. ಬೆಲೆ ಸಣ್ಣಗೆ ಗಿಜಿಗುಡುವಾಗ ಕೆಳಗೇ ಇದ್ದು ನಿಮ್ಮನ್ನು ಕಾಪಾಡುತ್ತದೆ. ಹನ್ನೆರಡು ದಿನ ನೇರವಾಗಿ ಏರಿದರೆ ಅದಕ್ಕೂ ಅದು ಟ್ರೆಂಡ್ ಥರಾನೇ ಕಾಣುತ್ತದೆ. ಅದೂ ಸರಾಸರಿಯ ಮೇಲೆ ಸರಾಸರಿ ತೆಗೆದ ಲೆಕ್ಕ, ತಡವಾಗಿಯೇ ಮೇಲೇಳುತ್ತದೆ.

ಶಿಡ್ಲಘಟ್ಟದ ರೀಲರ್: ಅಣ್ಣಾ, ರೇಷ್ಮೆ ಗೂಡಿನ ರೇಟಿಗೂ ಇದು ನಡೆಯುತ್ತಾ? ಮಾರ್ಕೆಟ್ಟಿನ ದಿನದ ಸರಾಸರಿ ನಾನೂ ಬರೆದಿಡುತ್ತೇನೆ. ಕ್ರಾಸ್ ನೋಡಿ ಜಾಸ್ತಿ ಗೂಡು ಕೊಂಡು ಎರಡು ಸಲ ಕೈ ಸುಟ್ಟುಕೊಂಡೆ.

ಉತ್ತರ: ಅಲ್ಲಿ ಇನ್ನೊಂದು ತೊಡಕಿದೆ. ಶೇರು ನಿನ್ನೆಯದೂ ಇವತ್ತಿನದೂ ಒಂದೇ ಮಾಲು. ಗೂಡಿನ ಸರಾಸರಿ ಒಳ್ಳೇ ಲಾಟು ಜಾಸ್ತಿ ಬಂದ ದಿನ ಸುಮ್ನೆ ಏರುತ್ತದೆ, ರೇಟು ಏರಿರೋದೇ ಇಲ್ಲ. ಮಳೆಗಾಲದ ಲಾಟು, ಬೈವೋಲ್ಟೀನ್, ಮಿಶ್ರತಳಿ ಎಲ್ಲ ಸೇರಿಸಿದ ಸರಾಸರಿ ಮೇಲೆ ಗೆರೆ ಎಳೆದರೆ ಏನು ದಾಟಿತು ಅಂತ ಗೊತ್ತಾಗೋದಿಲ್ಲ. ತಳಿ ಬೇರೆ ಮಾಡಿ ಬರೆದಿಟ್ಟಿದ್ದೀರಾ?

ರೀಲರ್: ಇಲ್ಲ, ಒಟ್ಟಿಗೇ ಇದೆ.

ಚಿಂತಾಮಣಿ: ಹಾಗಾದರೆ ನನ್ನ ತೂಗಾಟಕ್ಕೆ ಏನು ಮಾಡಲಿ ಸಾರ್? ಎರಡು ಗೆರೆ ನಡುವೆ ಶೇಕಡಾ 1 ಅಂತರ ಬಂದ ಮೇಲೆ ಕೊಳ್ಳಿ ಅಂತ ಒಬ್ಬರು ಹೇಳಿದರು.

ಉತ್ತರ: ಅಂತರದ ಫಿಲ್ಟರ್ ಸರಿಯಾದ ದಾರಿ, ಆದರೆ 1 ಸಾಲದು. ನಮ್ಮ ಶೇರಿನಲ್ಲಿ ಕ್ರಾಸ್ ದಿನ ಅಂತರ ಒಂದೂವರೆ ರೂಪಾಯಿ. 12ನೇ ದಿನ 6 ರೂಪಾಯಿ 60 ಪೈಸೆ, ಅಂದರೆ ಶೇಕಡಾ 1 ದಾಟಿತು. ಆವತ್ತು ಬೆಲೆ ಸರಿಯಾಗಿ ತುದಿಯಲ್ಲಿ, 516! ಸುಮ್ನೆ ಹಾಕಿದ ಚಿಕ್ಕ ಅಂತರ ನಿಮ್ಮನ್ನು ಇನ್ನೂ ಕೆಟ್ಟ ಬೆಲೆಗೆ ಒಳಗೆ ತಳ್ಳುತ್ತದೆ.

ಈ ತೂಗಾಟದಲ್ಲಿ ಅಂತರ ಹೆಚ್ಚೆಂದರೆ ಎಷ್ಟಾಗುತ್ತದೆ ಅಂತ ನೋಡಿ. 15–16ನೇ ದಿನಕ್ಕೆ 10 ರೂಪಾಯಿ 20 ಪೈಸೆ, ಶೇಕಡಾ 2ಕ್ಕೆ ಸ್ವಲ್ಪ ಮೇಲೆ. ಆಮೇಲೆ ಕಮ್ಮಿಯಾಗುತ್ತದೆ. ಹಾಗಾಗಿ ಶೇಕಡಾ 2.5 ಇಟ್ಟರೆ ಈ ಅಲೆ ಒಂದು ಸಲವೂ ನಿಮ್ಮನ್ನು ಒಳಗೆ ಎಳೆಯೋದಿಲ್ಲ. ಅದೇ ಶೇರು 516ರಲ್ಲಿ ನಿಲ್ಲದೆ ದಿನಕ್ಕೆ 3 ರೂಪಾಯಿ ಏರುತ್ತಲೇ ಹೋದರೆ 16ನೇ ದಿನ ಅಂತರ 2.5 ದಾಟುತ್ತದೆ. ಬರಿಯ ಕ್ರಾಸ್‌ಗಿಂತ ಆರು ದಿನ ತಡ, 18 ರೂಪಾಯಿ ದುಬಾರಿ. ಈ 18 ರೂಪಾಯಿಯೇ ಫಿಲ್ಟರಿನ ಬೆಲೆ. ಸುತ್ತಿಗೆ 30 ಕಳೆದುಕೊಳ್ಳೋದು ತಪ್ಪಿಸಲು ಅದನ್ನು ಕೊಡುತ್ತಿದ್ದೀರಿ. ಈ ಬೆಲೆ ಬೇಡವೆಂದರೆ ಫಿಲ್ಟರೂ ಬೇಡ. ಮಾರುವಾಗ ಮಾತ್ರ ಅಂತರಕ್ಕೆ ಕಾಯಬೇಡಿ, ಬರಿಯ ಕ್ರಾಸ್ ಸಾಕು.

ನನಗೆ ಇದಕ್ಕಿಂತ ಇಷ್ಟವಾಗೋದು ಕೌಫ್‌ಮನ್ ಅವರ ಎಫಿಷಿಯನ್ಸಿ ರೇಷಿಯೋ. 20 ದಿನದಲ್ಲಿ ಬೆಲೆ ಒಟ್ಟು ಎಷ್ಟು ನಡೆಯಿತು, ಅದರಲ್ಲಿ ಎಷ್ಟು ದೂರ ಬಂತು, ಅಷ್ಟೇ. ಬಿ ಕಾಲಂನಲ್ಲಿ 21 ಕ್ಲೋಸಿಂಗ್ ಬೆಲೆ ಹಾಕಿ:

```
=ABS(B21-B1)/SUMPRODUCT(ABS(B2:B21-B1:B20))
```

ಕ್ರಾಸ್ ದಿನ ನಮ್ಮ ಶೇರಿನ ಬೆಲೆ 510. ಇಪ್ಪತ್ತು ದಿನದ ಹಿಂದೆಯೂ 510. ನಡೆದಿದ್ದು 60 ರೂಪಾಯಿ, ಬಂದ ದೂರ ಸೊನ್ನೆ. ತೂಗಾಟ ಮುಂದುವರಿದರೆ, ನೀವು ಶೇರು ಹಿಡಿದಿರುವ ಆ ಹತ್ತು ಹನ್ನೆರಡು ದಿನ ಇದು 0.2 ದಾಟೋದೇ ಇಲ್ಲ. ನಿಜವಾಗಿ ಏರುತ್ತಿದ್ದರೆ 14ನೇ ದಿನಕ್ಕೆ 0.4. ಗಡಿ 0.3 ಇಟ್ಟರೆ ಅಂತರದ ಫಿಲ್ಟರಿಗಿಂತ ಎರಡು ದಿನ ಮೊದಲೇ ಒಳಗಿರುತ್ತೀರಿ. ಕ್ರಾಸ್ ಮತ್ತು ಇದು, ಎರಡೂ ಒಟ್ಟಿಗೆ ಬೇಕು. ಬೆಲೆ ಇಳಿಯುವಾಗಲೂ ಇದು ಏರುತ್ತದೆ, ದಿಕ್ಕು ಹೇಳೋದಿಲ್ಲ.

ಮೇಷ್ಟ್ರು: ನಿಮ್ಮ ಶೇರು ಸ್ಕೇಲ್ ಇಟ್ಟು ಎಳೆದಂತಿದೆ. ನಿಜವಾದ ಬೆಲೆ ಹೀಗೆಲ್ಲಿ ನಡೆಯುತ್ತದೆ?

ಉತ್ತರ: ಒಪ್ಪಿದೆ. ನಿಜವಾದ ಶೇರು ದಿನಾ ಹಿಂದೆ ಮುಂದೆ ಒದ್ದಾಡುತ್ತದೆ, ನಡೆಯುವ ದೂರ ಜಾಸ್ತಿ. ಹಾಗಾಗಿ ಒಳ್ಳೇ ಟ್ರೆಂಡಿನಲ್ಲೂ ಈ ಸಂಖ್ಯೆ ಕಾಗದದಷ್ಟು ಮೇಲೆ ಹೋಗೋದಿಲ್ಲ. 0.3 ಕೆಲವು ಶೇರಿಗೆ ತುಂಬಾ ಬಿಗಿ. ತೂಗಾಟ 12 ದಿನದ ಬದಲು 18 ದಿನದ್ದಾದರೆ 2.5ರ ಅಂತರವೂ ಹಾರಿಹೋಗುತ್ತದೆ.

ಚಿಂತಾಮಣಿ: ಈಗಷ್ಟೇ ಹಾಕಿ ನೋಡಿದೆ ಸಾರ್. 0.3 ಗಡಿಯಲ್ಲಿ ನನ್ನ ನಾಲ್ಕು ನಷ್ಟದಲ್ಲಿ ಮೂರು ಹೋದವು. ಆದರೆ ಹೋದ ವರ್ಷ ಲಾಭ ಕೊಟ್ಟ ಒಂದೇ ಒಂದು ಟ್ರೇಡೂ ಹೋಯಿತು. 0.22 ಇಟ್ಟರೆ ಅದು ಉಳಿಯುತ್ತದೆ. ಅದನ್ನೇ ಇಟ್ಟುಕೊಳ್ಳಲಾ?

ಉತ್ತರ: ಆ ಒಂದು ಟ್ರೇಡ್ ಉಳಿಸಲೆಂದೇ 0.22 ಹುಡುಕಿದಿರಿ, ಅಲ್ವಾ? ಹಾಗಾದರೆ ಅದು ಆ ಟ್ರೇಡಿನ ಅಳತೆಗೆ ಹೊಲಿದ ಅಂಗಿ. ಇದೇ ಶೇರಿನ ಅದಕ್ಕೂ ಹಿಂದಿನ ಮೂರು ವರ್ಷ ತೆಗೆದುಕೊಂಡು, ಇನ್ನೂ ನಾಲ್ಕೈದು ಬೇರೆ ಶೇರಿನಲ್ಲೂ, 0.20ರಿಂದ 0.35ರವರೆಗೆ ಎಲ್ಲ ಗಡಿಗೂ ಓಡಿಸಿ. ಪಕ್ಕಪಕ್ಕದ ಗಡಿಗಳಲ್ಲಿ ಫಲ ಹತ್ತಿರ ಹತ್ತಿರ ಇದ್ದರೆ ನಂಬಬಹುದು. 0.22ರಲ್ಲಿ ಮಾತ್ರ ಚೆನ್ನಾಗಿ ಬಂದು 0.24ರಲ್ಲಿ ಕುಸಿದರೆ ಬಿಟ್ಟುಬಿಡಿ.

ಮೇಷ್ಟ್ರು: ಹಾಗೇ ಎಡಿಎಕ್ಸ್ 25ಕ್ಕೂ ಒಂದು ಕಾಲಂ ಹಾಕಿ ಓಡಿಸಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡೋಣ, ನಾನಂತೂ ಇನ್ನೂ ಒಪ್ಪಿಲ್ಲ.

ಚಿಂತಾಮಣಿ: ಭಾನುವಾರ ಓಡಿಸಿ ಇಲ್ಲೇ ಹಾಕುತ್ತೇನೆ.