ಸಬ್‌ಟೈಟಲ್‌ನಲ್ಲಿ ಮಾತಾಡುವವರ ಹೆಸರು ಬದಲಿಸೋದು ಹೇಗೆ?

ಕೇಳಿದವರು, ಬೀದರ್: ಬಿದರಿ ಕೆಲಸ ಮಾಡುವ ಹಿರಿಯರೊಬ್ಬರ ಸಂದರ್ಶನಕ್ಕೆ ಸಬ್‌ಟೈಟಲ್ ಹಾಕಿದ್ದೇನೆ. ಅವರ ಮಾತಿನ ಮುಂದೆಲ್ಲ "ಅಜ್ಜ:" ಅಂತ ಇದೆ. "ಉಸ್ತಾದ್:" ಅಂತ ಹಾಕಿ ಅಂದಿದ್ದಾರೆ. ನೋಟ್‌ಪ್ಯಾಡ್‌ನಲ್ಲಿ "ಅಜ್ಜ" ಹುಡುಕಿ ಒಂದೇ ಸಲ ಬದಲಿಸಿದೆ, ಮಾತಿನೊಳಗೂ ಕೆಟ್ಟುಹೋಯಿತು. ಹಳೇ ಫೈಲ್ ಇದೆ. ಟೈಮ್, ನಂಬರ್ ಅಲುಗಾಡದ ಹಾಗೆ ಹೇಗೆ ಮಾಡೋದು?

ಕಲಬುರಗಿಯ ಒಬ್ಬರು: ಸುಲಭ ಇದೆ ಅಣ್ಣ. ಬರೀ "ಅಜ್ಜ" ಬೇಡ, ಕೋಲನ್ ಸೇರಿಸಿ "ಅಜ್ಜ:" ಅಂತ ಹುಡುಕಿ. ನಾನು ಯಾವಾಗಲೂ ಹಾಗೇ ಮಾಡೋದು. ಏನೂ ಆಗಿಲ್ಲ.

ಯಾದಗಿರಿಯಿಂದ: ಟೈಮ್ ಹಿಂದೆ ಮುಂದೆ ಆಗಿದ್ದರೆ ಸಬ್‌ಟೈಟಲ್ ಎಡಿಟ್‌ನಲ್ಲಿ ಎಲ್ಲ ಸಾಲನ್ನೂ ಒಟ್ಟಿಗೆ ಎರಡು ಸೆಕೆಂಡ್ ಸರಿಸಬಹುದು.

ಕೇಳಿದವರು: ಟೈಮ್ ಸರಿಯಾಗೇ ಇದೆ ಸರ್. ಅದನ್ನು ಮುಟ್ಟಬಾರದು ಅನ್ನೋದೇ ನನ್ನ ಚಿಂತೆ.

ಕಲಬುರಗಿ, ಕಾಲೇಜಿನಲ್ಲಿ ಓದುತ್ತಿರುವವಳು: ಆ ಚಿಂತೆ ಸರಿ ಇದೆ ಅಣ್ಣ. ನಾನು ಹೆಸರಿನ ಬದಲು "1:", "2:" ಅಂತ ಬರೆದಿದ್ದೆ. ಆಮೇಲೆ "1:" ಇದ್ದಲ್ಲೆಲ್ಲ "ನಿರೂಪಕಿ:" ಹಾಕಿದೆ. ಕೋಲನ್ ಸೇರಿಸಿಯೇ ಹುಡುಕಿದ್ದೆ, ಆದರೂ 00:01:12 ಹೋಗಿ 00:0ನಿರೂಪಕಿ:12 ಆಯಿತು! ವಿಡಿಯೋ ಹಾಕಿದರೆ ಅರ್ಧ ಸಾಲು ಬರಲೇ ಇಲ್ಲ. ರಾತ್ರಿಯೆಲ್ಲ ಕೂತು ಕೈಯಲ್ಲೇ ತಿದ್ದಿದೆ.

ಕಲಬುರಗಿ, ಡಿಟಿಪಿ ಮತ್ತು ಸಬ್‌ಟೈಟಲ್ ಕೆಲಸದವರು: ಕೋಲನ್ ಸೇರಿಸೋದು ಅರ್ಧ ದಾರಿ ಅಷ್ಟೇ. ಮೊದಲು ನಿಮ್ಮ ಫೈಲ್ ಯಾಕೆ ಕೆಟ್ಟಿತು ನೋಡಿ. ಇಂಥದ್ದೊಂದು ಸಾಲು ಇದೆ ಅಂದುಕೊಳ್ಳಿ:

```
214
00:14:07,320 --> 00:14:11,900
ಅಜ್ಜ: ನಮ್ಮ ಅಜ್ಜಿ ಕೋಟೆ ಮಣ್ಣು ನಾಲಿಗೆಗೆ ಹಚ್ಚಿ ನೋಡ್ತಿದ್ದಳು
```

ಕಂಪ್ಯೂಟರ್‌ಗೆ "ಅಜ್ಜಿ" ಅಂದರೆ "ಅಜ್ಜ" ಬರೆದು ಅದಕ್ಕೊಂದು ಗುಡಿಸು ಅಂಟಿಸಿದ್ದು. ಹಾಗಾಗಿ ಅಜ್ಜಿಯೊಳಗೂ ಅಜ್ಜ ಸಿಗ್ತಾನೆ. ಅವನನ್ನು ತೆಗೆದು "ಉಸ್ತಾದ್" ಇಟ್ಟರೆ ಆ ಗುಡಿಸು ಕೂರೋಕೆ ಜಾಗ ಇಲ್ಲದೆ ಚುಕ್ಕಿಗಳ ವೃತ್ತದ ಮೇಲೆ ಕೂತಿರುತ್ತದೆ. ಕಂಡಿರಬೇಕಲ್ವಾ?

ಇನ್ನು ಕೋಲನ್. ಕನ್ನಡ ಕೀಬೋರ್ಡ್‌ನಲ್ಲೇ ಇದ್ದು ಬರೆಯುವಾಗ ಎಷ್ಟೋ ಜನ ಕೋಲನ್ ಬದಲು ವಿಸರ್ಗ ಒತ್ತಿಬಿಡ್ತಾರೆ. "ಅಜ್ಜಃ" ಮತ್ತು "ಅಜ್ಜ:" ಕಣ್ಣಿಗೆ ಒಂದೇ ಥರ. ಹುಡುಕುವಾಗ ಬೇರೆ ಬೇರೆ. ನಡುವೆ ಸ್ಪೇಸ್ ಬಿಟ್ಟು "ಅಜ್ಜ :" ಅಂತ ಬರೆದದ್ದೂ ತಪ್ಪಿಸಿಕೊಳ್ಳುತ್ತದೆ.

ನೋಟ್‌ಪ್ಯಾಡ್ ಬಿಟ್ಟು Notepad++ ತೆಗೆಯಿರಿ. ಹಳೇ ಫೈಲಿನ ಕಾಪಿ ಮಾಡಿ ಅದರಲ್ಲೇ ಕೆಲಸ ಮಾಡಿ. Ctrl+H ಒತ್ತಿ, ಕೆಳಗೆ Regular expression ಆರಿಸಿ. ಮೊದಲನೇದು ಹುಡುಕೋದು, ಎರಡನೇದು ಹಾಕೋದು:

```
^(-? ?)ಅಜ್ಜ[ \t]*[:ಃ]
$1ಉಸ್ತಾದ್:
```

ಮೊದಲಿನ ^ ಗುರುತೇ ಇಲ್ಲಿ ಕಾವಲುಗಾರ. ಸಾಲಿನ ಶುರುವಿನಲ್ಲಿ ಇದ್ದರೆ ಮಾತ್ರ ಮುಟ್ಟು ಅಂತ ಅರ್ಥ. ನಂಬರ್ ಸಾಲು, ಟೈಮ್ ಸಾಲು ಅಂಕಿಯಿಂದ ಶುರುವಾಗುತ್ತವೆ. ಅಲ್ಲಿ ಅಜ್ಜ ಸಿಗೋ ಮಾತೇ ಇಲ್ಲ. ಇಬ್ಬರು ಒಟ್ಟಿಗೆ ಮಾತಾಡುವಾಗ ಮುಂದೆ ಹಾಕುವ ಅಡ್ಡಗೆರೆ ಇದ್ದರೆ ಅದನ್ನು $1 ಉಳಿಸಿಕೊಳ್ಳುತ್ತದೆ. ತಂಗಿ, ನೀನೂ ಅವತ್ತು ^1: ಅಂತ ಹುಡುಕಿದ್ದರೆ ಟೈಮ್ ಉಳಿಯುತ್ತಿತ್ತು, ಅದು 00 ಇಂದ ಶುರುವಾಗುತ್ತಲ್ಲ.

ಸೇವ್ ಮಾಡುವಾಗ UTF-8 ಇರಲಿ. ANSI ಆದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆ ಆಗಿಹೋಗುತ್ತದೆ.

ಮುಗಿದ ಮೇಲೆ ಇನ್ನೊಂದು ಸಲ ಬರೀ "ಅಜ್ಜ" ಹುಡುಕಿ Find All in Current Document ಒತ್ತಿ. ಉಳಿದ ಸಾಲೆಲ್ಲ ಕೆಳಗೆ ಪಟ್ಟಿಯಾಗಿ ಬರುತ್ತವೆ. ಕಣ್ಣಾಡಿಸಿ. ಲಿನಕ್ಸ್ ಇದ್ದರೆ ಇದನ್ನೂ ಓಡಿಸಿ:

```
diff hale.srt hosa.srt | grep '^>' | grep -v 'ಉಸ್ತಾದ್:'
```

ಏನೂ ಬರದಿದ್ದರೆ ಬದಲಾದ ಸಾಲಿನಲ್ಲೆಲ್ಲ ಹೊಸ ಹೆಸರಿದೆ ಅಂತ ಲೆಕ್ಕ. ಎರಡೂ ಫೈಲಿನ ಒಟ್ಟು ಸಾಲು ಅಷ್ಟೇ ಇದೆಯಾ ಅಂತಲೂ ನೋಡಿ. ಅಳಿಸಿಹೋದ ಸಾಲನ್ನು ಈ ಕಮಾಂಡ್ ತೋರಿಸಲ್ಲ.

ಮೊದಲು ಉತ್ತರಿಸಿದವರು: ವಿಸರ್ಗದ ವಿಷಯ ಗೊತ್ತಿರಲಿಲ್ಲ ಸರ್. ನನ್ನ ಹಳೇ ಫೈಲೆಲ್ಲ ತೆಗೆದು ನೋಡಬೇಕೀಗ.

ಕೇಳಿದವರು: ಆಯಿತು ಸರ್. 298 ಕಡೆ ಬದಲಾಯಿತು. ಉಳಿದ ಪಟ್ಟಿಯಲ್ಲಿ ಎರಡು ಕಳ್ಳರು ಸಿಕ್ಕರು. ಒಂದು <i>ಅಜ್ಜ: ಅಂತ ಇತ್ತು. ಇನ್ನೊಂದು ನಾನೇ ಬರೆದ "ಅಜ್ಜಾ:". ಎರಡನ್ನೂ ಕೈಯಲ್ಲಿ ತಿದ್ದಿದೆ. ಆದರೆ ಹೊಸ ಹೆಸರು ಉದ್ದ ಆಯಿತಲ್ಲ, ಕೆಲವು ಕಡೆ ಎರಡು ಸಾಲು ಇದ್ದದ್ದು ಪರದೆ ಮೇಲೆ ಮೂರು ಸಾಲಾಗ್ತಿದೆ.

ಕಾಲೇಜಿನವಳು: ಪ್ರತಿ ಸಾಲಿಗೂ ಹೆಸರು ಯಾಕೆ ಅಣ್ಣ? ಮಾತಾಡುವವರು ಬದಲಾದಾಗ ಮಾತ್ರ ಹಾಕಿದರೆ ಸಾಕಲ್ವಾ?

ಡಿಟಿಪಿಯವರು: ಕಿವಿ ಕೇಳಿಸದವರು ನಡುವೆ ನೋಡೋಕೆ ಶುರು ಮಾಡಿದರೆ ಯಾರ ಮಾತು ಅಂತ ಹೇಗೆ ತಿಳೀಬೇಕು? ನಾನಂತೂ ತೆಗೆಯಲ್ಲ. ಮೂರು ಸಾಲಾದ ಕಡೆ ಮಾತನ್ನೇ ಸ್ವಲ್ಪ ಚಿಕ್ಕದು ಮಾಡ್ತೀನಿ.

ಕೇಳಿದವರು: ಉಸ್ತಾದರ ಮಾತು ಕತ್ತರಿಸೋಕೆ ನನಗೆ ಧೈರ್ಯ ಇಲ್ಲ ಸರ್. ಅವರನ್ನೇ ಕೇಳ್ತೀನಿ.