ಎರಡು ನಿಮಿಷದ ಕೆಲಸ ಮೊದಲೋ, ಕೈಯೇ ಏಳದ ಕೆಲಸ ಮೊದಲೋ?

ಕೇಳಿದವರು: ಫೈನಲ್ ಇಯರ್ ಇಂಜಿನಿಯರಿಂಗ್, ಬೆಂಗಳೂರು. ಪ್ರಾಜೆಕ್ಟ್ ರಿಪೋರ್ಟಿನ ರಿಸಲ್ಟ್ಸ್ ಚಾಪ್ಟರ್ ಮುಟ್ಟಿ ಮೂರು ವಾರ ಆಯ್ತು. ಎರಡು ನಿಮಿಷದ ಕೆಲಸಗಳನ್ನ ಮೊದಲು ಮುಗಿಸು ಅಂತ ಒಬ್ಬರು, ಕಷ್ಟದ್ದನ್ನೇ ಬೆಳಗ್ಗೆ ಮೊದಲು ಮಾಡು ಅಂತ ಇನ್ನೊಬ್ಬರು. ಎರಡನ್ನೂ ಮಾಡಿ ನೋಡಿದೆ, ನಾಲ್ಕು ದಿನ ನಿಲ್ಲಲಿಲ್ಲ. ಯಾವುದು ಯಾವಾಗ?

ರಾಜಾಜಿನಗರ: ಎರಡು ನಿಮಿಷ ಅಂದ್ರೆ ಚಿಲ್ಲರೆ ಕೆಲಸ ಮುಗಿಸೋದಲ್ಲ ಗುರು. ರಿಪೋರ್ಟ್ ಫೈಲ್ ತೆಗೆದು ಎರಡೇ ನಿಮಿಷ ಬರಿ. ಒಂದು ಸಲ ಕೂತ್ರೆ ಮುಂದಕ್ಕೆ ತಾನಾಗೇ ಹೋಗತ್ತೆ. ಬೇರೆ ಯಾವ ರೂಲೂ ಬೇಡ.

ಮಲ್ಲೇಶ್ವರ ಮೇಷ್ಟ್ರು: ಮೇಲಿನವರು ಹೇಳಿದ್ದು ಅರ್ಧ ಸರಿ. ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ಸಲಹೆ ಓಡಾಡ್ತಿವೆ, ಗೊಂದಲ ಶುರುವಾಗೋದೇ ಅಲ್ಲಿ. ಕೆಲಸ ನಿಭಾಯಿಸೋದರ ಬಗ್ಗೆ ಪುಸ್ತಕ ಬರೆದ ಡೇವಿಡ್ ಆಲನ್ 2001ರಲ್ಲಿ ಹೇಳಿದ್ದು: ಬಂದ ಮೇಲ್, ಕಾಗದ, ಮೆಸೇಜುಗಳನ್ನ ಒಂದೊಂದಾಗಿ ವಿಂಗಡಿಸುವಾಗ ಎರಡು ನಿಮಿಷದೊಳಗೆ ಮುಗಿಯೋದು ಸಿಕ್ಕರೆ ಪಟ್ಟಿಗೆ ಸೇರಿಸಬೇಡಿ, ಅಲ್ಲೇ ಮುಗಿಸಿ. ಪಟ್ಟಿಗೆ ಬರೆದು ಆಮೇಲೆ ಮತ್ತೆ ನೋಡೋ ಶ್ರಮ ಆ ಕೆಲಸಕ್ಕಿಂತ ದೊಡ್ಡದಾಗತ್ತೆ ಅನ್ನೋದು ಲೆಕ್ಕ. ಅಭ್ಯಾಸಗಳ ಮೇಲೆ ಪುಸ್ತಕ ಬರೆದ ಜೇಮ್ಸ್ ಕ್ಲಿಯರ್ 2018ರಲ್ಲಿ ಹೇಳಿದ್ದು ಹೊಸ ಅಭ್ಯಾಸ ಶುರು ಮಾಡೋದರ ಬಗ್ಗೆ: ಶುರು ಮಾಡೋ ಭಾಗ ಎರಡು ನಿಮಿಷಕ್ಕಿಂತ ದೊಡ್ಡದಿರಬಾರದು. ರಾಜಾಜಿನಗರದವರು ಹೇಳ್ತಿರೋದು ಈ ಎರಡನೇದು.

ಮೊದಲನೇದನ್ನ ಬೆಳಗ್ಗೆ ಎದ್ದ ತಕ್ಷಣ ಮಾಡಿದರೆ ಕೆಡತ್ತೆ. ನೀವು ಕಳಿಸಿದ ಒಂದೊಂದು ಮೆಸೇಜಿಗೂ ಹತ್ತು ನಿಮಿಷದಲ್ಲಿ ಉತ್ತರ ಬರತ್ತೆ, ಆ ಉತ್ತರ ಇನ್ನೊಂದು ಎರಡು ನಿಮಿಷದ ಕೆಲಸ. ಹನ್ನೊಂದು ಗಂಟೆಗೆ ಹದಿನೈದು ಕೆಲಸ ಮುಗಿದಿರತ್ತೆ, ಚಾಪ್ಟರ್ ಮಾತ್ರ ಹಾಗೇ ಇರತ್ತೆ. ಮುಂದೂಡೋ ಅಭ್ಯಾಸ ಇರೋರಿಗೆ ಇದು ಹೆಚ್ಚು ಅಪಾಯ, ಯಾಕಂದ್ರೆ ಕೆಲಸ ಮಾಡಿದ ಹಾಗೇ ಅನ್ನಿಸಿಬಿಡತ್ತೆ. ಅದಕ್ಕೆ ಹೊತ್ತು ಕಟ್ಟಿಡಿ: ಮಧ್ಯಾಹ್ನ ಊಟ ಆದ ಮೇಲೆ ಇಪ್ಪತ್ತು ನಿಮಿಷ, ಅಷ್ಟೇ. ಮೊದಲ ವಾರ ಫೋನಿನ ಸ್ಟಾಪ್‌ವಾಚ್ ಹಾಕಿ. ಹೊಸಬರ "ಎರಡು ನಿಮಿಷ" ಸುಲಭವಾಗಿ ಎಂಟು ನಿಮಿಷ ಆಗತ್ತೆ. ಎರಡು ದಾಟಿದರೆ ಅಲ್ಲೇ ಬಿಟ್ಟು ಚೀಟಿಗೆ ಬರೆದು ಮುಂದಿನದಕ್ಕೆ ಹೋಗಿ.

ಇನ್ನು ಕಷ್ಟದ್ದು ಮೊದಲು ಅನ್ನೋದು. ಅದು ನಡೆಯೋದಕ್ಕೆ ಎರಡು ವಿಷಯ ಬೇಕು. ಮೊದಲ ಕೈಕೆಲಸ ಏನು ಅಂತ ಗೊತ್ತಿರಬೇಕು, ಆ ಹೊತ್ತಿಗೆ ಬೇಕಾದ್ದೆಲ್ಲ ನಿಮ್ಮ ಹತ್ತಿರ ಇರಬೇಕು. "ಚಾಪ್ಟರ್ ಬರೆಯೋದು" ಕೈಕೆಲಸ ಅಲ್ಲ. "ಮೊದಲ ಟೇಬಲ್ ಅಂಟಿಸಿ, ಕೆಳಗೆ ಏನು ಕಾಣ್ತಿದೆ ಅಂತ ಎರಡು ವಾಕ್ಯ" ಅನ್ನೋದು ಕೈಕೆಲಸ. ಎರಡೂ ಇದ್ದು ಮನಸ್ಸು ಮಾತ್ರ ಒಲ್ಲೆ ಅಂತಿದ್ದರೆ ಬೆಳಗ್ಗೆಯೇ ಕೂರಿ. ಒಂದು ಇಲ್ಲದಿದ್ದರೂ ಬೆಳಗ್ಗೆ ಬೇಗ ಎದ್ದು ಖಾಲಿ ಸ್ಕ್ರೀನ್ ನೋಡೋದಷ್ಟೇ ಆಗೋದು. ನಿಮ್ಮ ಚಾಪ್ಟರಿನಲ್ಲಿ ಎಷ್ಟು ಟೇಬಲ್, ಯಾವುದು ಬಾಕಿ, ಹೇಳ್ತೀರಾ?

ಚಿಕ್ಕಪೇಟೆ ಅಂಗಡಿ: ನನ್ನದು ರಿಪೋರ್ಟ್ ಅಲ್ಲ, ಜಿಎಸ್‌ಟಿ. ತಿಂಗಳಿಗೊಂದು ಸಲ, 20ನೇ ತಾರೀಖು ಹತ್ತಿರ ಬಂದಾಗ ಖರೀದಿ ಬಿಲ್ಲೆಲ್ಲ ಚೀಲದಿಂದ ಸುರಿದು ಕೂರಬೇಕು. ಬೆಳಗ್ಗೆ ಮೊದಲು ಅಂತೀರಿ, ಶಟರ್ ಎತ್ತೋ ಹೊತ್ತಿಗೇ ಗಿರಾಕಿ ನಿಂತಿರ್ತಾರೆ. ನಮ್ಮಂಥವರಿಗೆ ಏನು ಸಾರ್?

ಮಲ್ಲೇಶ್ವರ ಮೇಷ್ಟ್ರು: ಅಣ್ಣಾ, ಎರಡು ನಿಮಿಷದ ರೂಲಿಗೆ ನಿಮ್ಮದಕ್ಕಿಂತ ಒಳ್ಳೆ ಜಾಗ ಇಲ್ಲ. ನಿಮ್ಮ ದೊಡ್ಡ ಕೆಲಸ ಹುಟ್ಟಿದ್ದೇ ಸಣ್ಣವು ಗುಡ್ಡೆ ಬಿದ್ದು. ಮಾಲು ಇಳಿಸಿಕೊಂಡಾಗಲೇ ಬಿಲ್ಲಿನ ನಂಬರ್, ತಾರೀಖು, ಮಾರಿದವರ ಜಿಎಸ್‌ಟಿ ನಂಬರ್, ಮೊತ್ತ, ತೆರಿಗೆ ಒಂದು ಸಾಲಲ್ಲಿ ಬರೆದುಬಿಡಿ. ಗಿರಾಕಿ ಇದ್ದರೆ ಬಿಲ್ಲನ್ನ ಚೀಲಕ್ಕೆ ಹಾಕಬೇಡಿ, ಗಲ್ಲಾಪೆಟ್ಟಿಗೆ ಪಕ್ಕದ ಮೊಳೆಗೆ ಚುಚ್ಚಿ, ಶಟರ್ ಇಳಿಸೋ ಮುಂಚೆ ಮೊಳೆ ಖಾಲಿ ಮಾಡಿ. ಪೋರ್ಟಲಿನ ಲೆಕ್ಕದ ಜೊತೆ ತಾಳೆ ನೋಡೋದು ಮಾತ್ರ ಹೀಗೆ ಚೂರು ಚೂರಾಗಿ ಆಗಲ್ಲ, ಅದಕ್ಕೆ ಗಿರಾಕಿ ಇಲ್ಲದ ಒಂದು ಗಂಟೆ ಬೇಕೇ ಬೇಕು. ಮೊದಲು ಅಂದ್ರೆ ಸೂರ್ಯ ಹುಟ್ಟೋ ಹೊತ್ತು ಅಂತಲ್ಲ, ಬೇರೆಯವರು ನಿಮ್ಮನ್ನ ಕರೆಯೋದಕ್ಕಿಂತ ಮುಂಚೆ ಅಂತ.

ಕೇಳಿದವರು: ಐದು ಟೇಬಲ್. ನಾಲ್ಕು ರೆಡಿ ಇದೆ. ಐದನೇದರ ರೀಡಿಂಗ್ಸ್ ನಮ್ಮ ಬ್ಯಾಚ್‌ಮೇಟ್ ಲ್ಯಾಪ್‌ಟಾಪಲ್ಲಿದೆ. ಅವನು ಆ ಟೆಸ್ಟ್ ಪೂರ್ತಿ ಮಾಡಿದಾನಾ ಅಂತಲೇ ಗೊತ್ತಿಲ್ಲ, ಕೇಳೋಕೆ ಒಂಥರಾ. ಮಾಡಿಲ್ಲ ಅಂದ್ರೆ ಗೈಡ್‌ಗೆ ಹೇಳಬೇಕಾಗತ್ತೆ.

ಮಲ್ಲೇಶ್ವರ ಮೇಷ್ಟ್ರು: ಹಾಗಾದರೆ ಮೂರು ವಾರ ನಿಮ್ಮನ್ನ ತಡೆದದ್ದು ಬರವಣಿಗೆ ಅಲ್ಲ, ಆ ಒಂದು ಮೆಸೇಜು. ಅದು ಕೈಯೇ ಏಳದ ಕೆಲಸವೂ ಹೌದು, ಎರಡು ನಿಮಿಷದ ಕೆಲಸವೂ ಹೌದು. ಇಂಥದ್ದು ಸಿಕ್ಕರೆ ಯಾವ ಹೊತ್ತು ಅಂತ ನೋಡದೆ ಈಗಲೇ ಕಳಿಸಿ: "ಐದನೇ ಟೆಸ್ಟಿನ ರೀಡಿಂಗ್ಸ್ ಎಷ್ಟಾಗಿದೆಯೋ ಅಷ್ಟು ಇವತ್ತು ರಾತ್ರಿ ಕಳಿಸು, ಅರ್ಧ ಆಗಿದ್ರೂ ಪರವಾಗಿಲ್ಲ." ಕೊನೇ ಮಾತು ಬಿಡಬೇಡಿ. ಅವನೂ ಅದೇ ಭಯಕ್ಕೆ ಸುಮ್ಮನಿರಬಹುದು.

ಉತ್ತರಕ್ಕೆ ಕಾಯುತ್ತಾ ಕೂರಬೇಡಿ. ಇವತ್ತು ರಾತ್ರಿ ರಿಪೋರ್ಟ್ ಫೈಲ್ ತೆರೆದು ಐದು ಟೇಬಲ್‌ಗಳ ಶೀರ್ಷಿಕೆ ಮಾತ್ರ ಟೈಪ್ ಮಾಡಿ, ಫೈಲ್ ತೆರೆದಂತೆಯೇ ಲ್ಯಾಪ್‌ಟಾಪ್ ಮುಚ್ಚಿ. ರಾಜಾಜಿನಗರದವರ ಎರಡು ನಿಮಿಷ ಇಲ್ಲಿಗೆ ಬಂತು. ಚೀಟಿಯಲ್ಲಿ "ಟೇಬಲ್ 1, ಎರಡು ವಾಕ್ಯ" ಅಂತ ಬರೆದು ಮೇಲಿಡಿ. ನಾಳೆ ಫೋನ್ ಬೇರೆ ಕೋಣೆಯಲ್ಲಿಟ್ಟು ಕಾಲೇಜಿಗೆ ಹೊರಡೋ ಮುಂಚೆ ಇಪ್ಪತ್ತೈದು ನಿಮಿಷ. ಮೊದಲ ವಾಕ್ಯ ಏನು ಕಾಣ್ತಿದೆ, ಎರಡನೇದು ಯಾಕೆ ಹಾಗೆ. "ಯಾಕೆ" ಹೊಳೆಯದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಟೇಬಲ್ 2ಕ್ಕೆ ಹೋಗಿ, ಆ ಚಿಹ್ನೆಗಳನ್ನೇ ಗೈಡ್ ಹತ್ತಿರ ತಗೊಂಡು ಹೋಗಬಹುದು. ದಿನಕ್ಕೊಂದು ಟೇಬಲ್ ಸಾಕು.

ಒಂದೇ ಚೀಟಿ ಮೂರು ಬೆಳಗ್ಗೆ ಹಾಗೇ ಉಳಿದರೆ ನಿಮ್ಮನ್ನ ಬೈಕೋಬೇಡಿ, ಚೀಟಿ ಹರಿದು ಬೇರೆ ಬರೀರಿ. ಕೆಲಸ ದೊಡ್ಡದಾಗಿದೆ, ಇಲ್ಲಾ ಏನೋ ಕೈಯಲ್ಲಿಲ್ಲ.

ಬನಶಂಕರಿ: ಮೇಷ್ಟ್ರೇ, ಒಂದು ಒಪ್ಪಲ್ಲ. ಎದ್ದ ತಕ್ಷಣ ಕಷ್ಟದ್ದು ಅಂದ್ರೆ ಕೆಲವರು ಹಾಸಿಗೆಯಿಂದಲೇ ಏಳಲ್ಲ. ಹಾಸಿಗೆ ಮಡಚೋದು, ಟೇಬಲ್ ಒರೆಸೋದು, ಹೀಗೆ ಎರಡು ಸಣ್ಣ ಕೆಲಸ ಮುಗಿಸಿ ಕೂತರೆ ಮೈ ಹಗುರ ಆಗತ್ತೆ.

ಮಲ್ಲೇಶ್ವರ ಮೇಷ್ಟ್ರು: ಬೇರೆಯವರ ಉತ್ತರ ಬೇಡದ ಕೆಲಸ ಆದರೆ ಸರಿ. ಹಾಸಿಗೆ ತಿರುಗಿ ರಿಪ್ಲೈ ಮಾಡಲ್ಲ. ಆದರೆ ಎರಡು ಐದಾಗೋದನ್ನ ತಡೆಯೋದು ಹೇಗೆ?

ಬನಶಂಕರಿ: ಯಾವ ಎರಡು ಅಂತ ಹಿಂದಿನ ರಾತ್ರಿಯೇ ಅದೇ ಚೀಟಿಯ ಮೇಲೆ ಬರೆದುಬಿಡೋದು. ಆದರೂ ಎಲ್ಲರಿಗೂ ಹೊಂದತ್ತೆ ಅಂತ ಹೇಳಲ್ಲ. ಒಂದು ವಾರ ಹೀಗೆ, ಒಂದು ವಾರ ಹಾಗೆ ಮಾಡಿ, ಯಾವ ವಾರ ಹೆಚ್ಚು ಟೇಬಲ್ ಮುಗೀತು ಅಂತ ಎಣಿಸಿ ನೋಡ್ಲಿ.

ಕೇಳಿದವರು: ಮೆಸೇಜ್ ಕಳಿಸಿದೆ. ಎರಡು ನೀಲಿ ಗೆರೆ ಬಂದಿದೆ, ಉತ್ತರ ಇಲ್ಲ. ಟೇಬಲ್ ಶೀರ್ಷಿಕೆ ಟೈಪ್ ಮಾಡ್ತಿದೀನಿ. ಅವನು ನಾಳೆವರೆಗೂ ಉತ್ತರಿಸದಿದ್ರೆ?

ಮಲ್ಲೇಶ್ವರ ಮೇಷ್ಟ್ರು: ನಾಳೆ ಟೇಬಲ್ 1 ಬರೆದ ಮೇಲೆ ಫೋನ್ ಮಾಡಿ, ಅದಕ್ಕೆ ಮುಂಚೆ ಬೇಡ.